ರೊಟ್ಟಿಯ ಸದ್ದು ತಡವಾಗಿ ಬಂದಾಗ

ನನ್ನ ಹೆಂಡತಿ ರಜನಿ ರೊಟ್ಟಿ ಬಡಿದರೆ ಬಾದಾಮಿಯ ಬಂಡೆಗಳು ಒಂದಿಂಚು ಪಕ್ಕಕ್ಕೆ ಸರಿಯುತ್ತವೆ. ನಂಬದವರು ಟೇಪು ಹಿಡಿದುಕೊಂಡು ಹೋಗಿ ಅಳೆದು ನೋಡಬಹುದು. ಆ ಊರಲ್ಲಿ ಅವಳದೊಂದು ಖಾನಾವಳಿ. ನಾನು ಇಲ್ಲಿ ಅಹಮದಾಬಾದಿನ ವಟ್ವಾದಲ್ಲಿ, ಬಣ್ಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವ.

ನಾನು ಉಣ್ಣುವ ಹೊತ್ತಿಗೆ ಅವಳಿಗೆ ಗಿರಾಕಿಗಳ ಕಾಟ. ಅದಕ್ಕೆ ಬೆಳಿಗ್ಗೆಯೇ ಹಿಟ್ಟಿನ ಡಬ್ಬಿಗೆ ಫೋನು ಆನಿಸಿ, ರೊಟ್ಟಿ ಬಡಿಯುತ್ತಾ ಮಾತಾಡಿ ವಿಡಿಯೋ ಕಳಿಸುತ್ತಾಳೆ. "ಇವತ್ತೇನ್ ಪಲ್ಯರೀ?" ಎಂದು ಕೇಳಿ, ನನ್ನ ಉತ್ತರಕ್ಕೆಂದು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಕ್ಯಾಂಟೀನಿನಲ್ಲಿ ಎಲ್ಲರ ಊಟ ಮುಗಿದ ಮೇಲೆ ನಾನು ಒಬ್ಬನೇ ತಟ್ಟೆಯ ಮುಂದೆ ಫೋನು ನಿಲ್ಲಿಸಿಕೊಂಡು, "ಬದನೀಕಾಯಿ" ಎನ್ನುತ್ತೇನೆ. ಹೀಗೆ ದಿನವೂ ನಮ್ಮಿಬ್ಬರ ಊಟ.

ನಾನಿಲ್ಲಿ ಒಬ್ಬನೇ ಎಂಬುದು ಅವಳಿಗೆ ಗೊತ್ತಿಲ್ಲ. ಕೊರಗುತ್ತಾಳೆಂದು ಯಶವಂತ್, ಚೇತನ್ ಎಂಬ ಇಬ್ಬರು ಗೆಳೆಯರನ್ನು ಹುಟ್ಟಿಸಿ ನನ್ನ ಕೋಣೆಯಲ್ಲೇ ಇರಿಸಿದ್ದೇನೆ. ಯಶವಂತ್ ಹದಿನೆಂಟು ರೊಟ್ಟಿ ತಿಂದು ಊಟ ಯಾವಾಗ ಎಂದು ಕೇಳುವವನು. ಭಾನುವಾರ ಸಂಜೆ ಅವಳು ನೇರವಾಗಿ ವಿಡಿಯೋ ಕಾಲ್ ಮಾಡಿದಾಗ, "ಇವರ ಗದ್ದಲ ಬಾಳ ಐತಿ, ಅದಕ್ಕ ಕಿವಿಗೆ ಹಾಕ್ಕೊಂಡೀನಿ" ಎಂದು ಇಯರ್‌ಫೋನ್ ತೋರಿಸುತ್ತಿದ್ದೆ.

ಹಳೆಯ ವೈರಿನ ಇಯರ್‌ಫೋನು ದಾಲ್ ಪಾತ್ರೆಗೆ ಬಿದ್ದು ಸತ್ತಿತು. ರಸ್ತೆಬದಿಯಲ್ಲಿ ಬ್ಲೂಟೂತ್ ಬಡ್ಸ್ ಕೊಂಡೆ. ಅಂದಿನಿಂದ ಊಟ ಕೆಟ್ಟಿತು. ಅವಳ ಅಂಗೈ ಹಿಟ್ಟಿನ ಮೇಲೆ ಬೀಳುತ್ತದೆ. ಅಂಗೈ ಮೇಲೆದ್ದ ನಂತರ 'ಟಪ್' ಕೇಳುತ್ತದೆ. ತುಟಿ ಮುಚ್ಚಿದ ಮೇಲೂ ಮಾತು ಬರುತ್ತದೆ. ಮುಖ ರಜನಿಯದು, ದನಿ ಅವಳ ಬೆನ್ನ ಹಿಂದೆ ನಿಂತ ಬೇರೆ ಯಾರದೋ ಎನ್ನಿಸಿ, ಮೂರು ದಿನ ಫೋನು ಮಗುಚಿಟ್ಟು ಉಂಡೆ.

ನಾಲ್ಕನೆಯ ದಿನ ಕಾರ್ಖಾನೆಯ ಲ್ಯಾಬಿನ ಕಿಶೋರ್ ತಡವಾಗಿ ಊಟಕ್ಕೆ ಬಂದ. ಅವನ ತಂದೆ ರೈಲ್ವೆಯವರು, ಗದಗಿನಿಂದ ವರ್ಗವಾಗಿ ಬಂದವರು. ಅವನು ಮಾತ್ರ ಇಲ್ಲಿಯೇ ಬೆಳೆದವನು.

"ಕಾಕಾ, ಇವತ್ತು ಕಾಕಿ ಜೊತೆ ಬಾತ್‌ಚೀತ್ ಇಲ್ಲವಾ?"

"ಅಕಿ ಮುಖ ಎಕ್ಸ್‌ಪ್ರೆಸ್ಸಿನ್ಯಾಗ ಬರ್ತೈತಿ, ಮಾತು ಪ್ಯಾಸೆಂಜರಿನ್ಯಾಗ. ದೂರ ನೋಡಪ್ಪಾ, ದಾರ್ಯಾಗ ದಣೀತೈತಿ."

ಅವನು ನಕ್ಕು ಒಂದು ಬಡ್ ಕಿವಿಗಿಟ್ಟುಕೊಂಡು ನೋಡಿದ. "ಅರೇ ಕಾಕಾ, ದೂರ ಅಲ್ಲ. ಲೇಟ್ ಆಗೋದು ಫೋನಿಂದ ಕಿವಿಗೆ ಬರೋವಾಗ. ಬ್ಲೂಟೂತ್ ಆವಾಜ್‌ನ ಪ್ಯಾಕ್ ಮಾಡಿ ಕಳಿಸ್ತದೆ, ಬಡ್ಸ್ ಅದನ್ನ ಬಿಚ್ಚಬೇಕು. ಗೇಮ್ ಮೋಡ್ ಇದ್ರೆ ಕಮ್ಮಿ ಆಗ್ತಿತ್ತು. ಇದ್ರಲ್ಲಿ ಅದೂ ಇಲ್ಲ."

ಅವನು ನನ್ನ ಫೋನಿಗೆ ಇನ್ನೊಂದು ವಿಡಿಯೋ ಪ್ಲೇಯರ್ ಹಾಕಿ ಅದರಲ್ಲಿ ರಜನಿಯ ವಿಡಿಯೋ ತೆರೆದ. 'ಆಡಿಯೋ ಡಿಲೇ' ಎಂಬಲ್ಲಿ ಮಿಲಿಸೆಕೆಂಡ್ ಲೆಕ್ಕದ ಪ್ಲಸ್ಸು, ಮೈನಸ್ಸು ಇದ್ದವು. ಹಿಂದೆ ಬಿದ್ದವನಿಗೆ ಕೂಡಿಸಬೇಕಲ್ಲವೇ ಎಂದು ನಾನೇ ಕೈ ಚಾಚಿ ಪ್ಲಸ್ ಒತ್ತುತ್ತಾ ಹೋದೆ. ಅವಳು ಮುಂದಿನ ರೊಟ್ಟಿಗೆ ಕೈ ಹಾಕಿದ ಮೇಲೆ ಹಿಂದಿನದರ ಸದ್ದು ಬಂತು.

"ಏ ಕಾಕಾ! ಡಿಲೇ ಜಾಸ್ತಿ ಮಾಡ್ತಾ ಇದೀರಿ! ಮೈನಸ್ ಮಾಡಿ, ಆವಾಜ್ ಮೊದಲೇ ಹೊರಡ್ತದೆ. ಕಾಕಿ ಕೈ ನೋಡ್ತಾ ಇರಿ."

ಮೈನಸ್ ಒತ್ತಿದೆ. ಸೊನ್ನೆ ದಾಟಿತು. ಒಂದೊಂದು ಒತ್ತಿಗೂ 'ಟಪ್' ಅಂಗೈಯ ಹತ್ತಿರ ಹತ್ತಿರ ಬಂತು. ಮೈನಸ್ ಮುನ್ನೂರಕ್ಕೆ ಕೈ ಬೀಳುವ ಮೊದಲೇ ಸದ್ದಾಯಿತು. ಒಂದು ಹೆಜ್ಜೆ ವಾಪಸ್ ಬಂದೆ. ಇನ್ನೂರೈವತ್ತು. ಕೈ ಬಿತ್ತು, ಟಪ್. "ಇವತ್ತೇನ್ ಪಲ್ಯರೀ?" ಎಂದು ರಜನಿಯೇ ಕೇಳಿದಳು, ಅವಳದೇ ಬಾಯಿಂದ.

ಕಿಶೋರ್ ಎದುರಿಗಿದ್ದುದರಿಂದ ಪಲ್ಯದ ಬಟ್ಟಲನ್ನಷ್ಟೇ ಫೋನಿನ ಮುಂದೆ ಸರಿಸಿದೆ. ಅವನು ತಟ್ಟೆಯ ಕಡೆ ನೋಡುತ್ತಾ ಉಂಡ.

"ಭಾನುವಾರ ಕಾಲ್‌ಗೂ ಹಿಂಗ ಮೈನಸ್ ಮಾಡಿಕೊಡಪಾ" ಎಂದೆ.

"ಆಗಲ್ಲ ಕಾಕಾ. ವಿಡಿಯೋದಲ್ಲಿ ಕಾಕಿ ಮಾತು ಆಗಲೇ ಫೋನಿನಲ್ಲಿದೆ, ಮೊದಲೇ ಕಳಿಸಬಹುದು. ಕಾಲ್‌ನಲ್ಲಿ ಅವರು ಇನ್ನೂ ಮಾತೇ ಆಡಿಲ್ಲ, ಎಲ್ಲಿಂದ ತರೋದು? ಬಡ್ಸ್ ತೆಗೆದು ಸ್ಪೀಕರ್ ಹಾಕಿ. ಆದಷ್ಟು ಸರಿ ಬರ್ತದೆ."

ಭಾನುವಾರ ಕೋಣೆಯ ಬಾಗಿಲು ಹಾಕಿ, ಬಡ್ಸ್ ತೆಗೆದು ಡಬ್ಬಿಯಲ್ಲಿಟ್ಟೆ. ಫ್ಯಾನಿನ ಕಿರಕಿರ ಬಿಟ್ಟರೆ ಬೇರೆ ಸದ್ದಿಲ್ಲ. ಕಾಲ್ ಬಂತು. ಅವಳ ತುಟಿಯೂ ಮಾತೂ ಜೊತೆಯಾಗಿಯೇ ಬಂದವು.

"ಇವತ್ತು ಕಿವ್ಯಾಗ ಏನೂ ಇಲ್ಲಲ್ರೀ? ಯಶವಂತಣ್ಣನ ಗದ್ದಲ ಎಲ್ಲಿ ಹೋತು?"

"ಇಲ್ಲೇ ಅದಾನ. ನಿನ್ನ ದನಿ ಕೇಳಬೇಕಂತ ಇಬ್ಬರೂ ಬಾಯಿ ಮುಚ್ಕೊಂಡು ಕುಂತಾರ."

ಅವಳು ಕಿವಿಯನ್ನು ಫೋನಿನ ಹತ್ತಿರ ತಂದಳು. ಈಗ ಯಾವ ತಡವೂ ಇರಲಿಲ್ಲ, ಆದರೂ ಮಾತು ಬರಲು ಹೊತ್ತಾಯಿತು. ಫ್ಯಾನಿನ ಸದ್ದು ಅವಳಿಗೂ ಕೇಳುತ್ತಿತ್ತು.

"ಹಂಗಾರ ಅವರಿಗೂ ಬಡಸ್ರೀ," ಎಂದಳು ಮೆಲ್ಲಗೆ. "ಮೂರು ತಾಟು ಇಡ್ರಿ. ನಾ ನೋಡ್ತೀನಿ."

ಎದ್ದು, ಕೋಣೆಯಲ್ಲಿದ್ದ ಒಂದೇ ಒಂದು ತಟ್ಟೆಯನ್ನು ಅವಳಿಗೆ ಕಾಣುವಂತೆ ತೊಳೆದೆ.