ಮೆಸೇಜಿನ ಎರಡನೇ ತುಂಡು

ಅತ್ತೆ ಜಲಜ ಅವರಿಗೆ ಅರವತ್ತು ತುಂಬಿದ ದಿನ ಬೆಳಿಗ್ಗೆ ನಾನು ಮೊದಲು ಮೊಬೈಲಿನಲ್ಲಿ ಬರೆದದ್ದು ಹೀಗೆ: ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ದೇವರು ಆಯುರಾರೋಗ್ಯ ಕೊಡಲಿ. ಶ್ರೀಲತಾ.’ ಸೊಸೈಟಿಯವರು ಮೆಂಬರಿಗೆ ಕಳಿಸುವ ಕಾರ್ಡಿನ ಹಾಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂದು ಅಳಿಸಿಬಿಟ್ಟೆ.

ಗಂಡ ಸುಧೀರ್ ಮೀನಿನ ಬೋಟಿಗೆ ಹೋಗಿ ಎಂಟು ದಿನವಾಗಿತ್ತು. ಬ್ರಹ್ಮಾವರದ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಮಗು ಹೊಟ್ಟೆಯಲ್ಲೇ ಹೋಗಿ ಮೂರು ತಿಂಗಳು. ಇತ್ತೀಚೆಗೆ ನೀರು ಸೇದಿ ಮುಗಿದ ಮೇಲೂ ನಾನು ಬಾವಿಯ ಹತ್ತಿರವೇ ನಿಲ್ಲುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಎರಡನೇ ಸಲ ಹಾರ್ದಿಕವನ್ನೂ ದೇವರನ್ನೂ ಬಿಟ್ಟೆ. ಅವರೊಬ್ಬರೇ ಮಾಡಿದ್ದನ್ನು ಬರೆಯಬೇಕು, ಮಾತಾಡುವ ಹಾಗೇ ಬರೆಯಬೇಕು, ಕೊನೆಗೆ ಹರಸುವ ಬದಲು ಏನಾದರೂ ಕೇಳಬೇಕು. ಅವರ ಫೋನಿನಲ್ಲಿ ಕನ್ನಡ ಬರೀ ಡಬ್ಬಿಗಳಾಗಿ ಕಾಣುತ್ತದೆಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ. ಓದಿ ಹೇಳಲು ಯಡ್ತರೆಯಲ್ಲಿ ಅವರ ಪಕ್ಕದ ಮನೆಯ ಅಕ್ಕು ಇದ್ದಳು.

‘ಅತ್ತೆ, ಮಗು ಹೋದ ದಿನ ನೀವ್ ಎಂತದೂ ಹೇಳ್ದೆ ನನ್ನ ತಲೆ ಬಾಚಿ ಜಡೆ ಹಾಕಿದ್ರಿ. ಅದನ್ ಮರೀಲಿಲ್ಲೆ. ಇಷ್ಟ್ ದಿನ ಹೇಳುಕ್ ಆಯ್ಲಿಲ್ಲೆ. ಈ ಮನೇಲ್ ಒಬ್ಳೇ ಇಪ್ಪುಕ್ ಇನ್ ಆತಿಲ್ಲೆ. ಶನಿವಾರ ಬತ್ತೆ. ಬಂಗುಡೆ ಸಾರ್ ಮಾಡಿ. ಈ ಸಲ ನಿಮ್ಮ ತಲೆ ನಾನ್ ಬಾಚ್ತೆ.’

ನೂರರವತ್ತು ಅಕ್ಷರ ದಾಟಿತ್ತು. ಮೆಸೇಜು ಎರಡು ತುಂಡಾಗಿ ಹೋಗುತ್ತದೆ ಎಂದು ಫೋನು ತೋರಿಸಿತು. ಹೋಗಲಿ ಎಂದು ಕಳಿಸಿ, ಫೋನನ್ನು ದಿಂಬಿನ ಕೆಳಗಿಟ್ಟೆ.

ಮಧ್ಯಾಹ್ನ ನೀರು ಸೇದಿದೆ. ಕೊಡ ತುಂಬಿತು. ನಾನು ಬಗ್ಗಿ ನೋಡುತ್ತಾ ನಿಂತೆ. ಕೆಳಗೆ ನನ್ನ ಮುಖ ಅಲುಗಾಡುತ್ತಿತ್ತು.

ಹಿಂದಿನಿಂದ ಯಾರೋ ಜಡೆ ಹಿಡಿದು ಎಳೆದರು. ಮೀನಿನ ವಾಸನೆ ಬಂತು.

“ಎಂತ ಮಾಡ್ತಿದ್ಯೆ ಇಲ್ಲಿ?” ಅತ್ತೆ! ಯಡ್ತರೆಯಿಂದ ಎರಡು ಬಸ್ಸು ಹತ್ತಿ ಬಂದಿದ್ದರು. “ಎಷ್ಟ್ ಸಲ ಫೋನ್ ಮಾಡೂದ್? ‘ಒಬ್ಳೇ ಇಪ್ಪುಕ್ ಇನ್ ಆತಿಲ್ಲೆ’ ಅಂದ್ ಅಕ್ಕು ಓದ್ದಳ್. ನನ್ನ ಜೀವ ಬಾಯಿಗೆ ಬಂತ್.”

“ಅತ್ತೆ, ಅದ್ರ ಮುಂದೂ ಇತ್ತ್...” ಒಬ್ಬಳೇ ಇರಲು ಇನ್ನಾಗದು ಎಂಬಲ್ಲಿಗೇ ಮೊದಲ ತುಂಡು ಮುಗಿದಿತ್ತು.

ಆಗಲೇ ಅವರ ಸೊಂಟದಲ್ಲಿದ್ದ ಫೋನು ಕೂಗಿತು. ಎರಡನೇ ತುಂಡು. ನಾನೇ ಓದಿ ಹೇಳಿದೆ. ಶನಿವಾರ, ಬಂಗುಡೆ, ಬಾಚುವುದು, ಎಲ್ಲ. ನಗಲೂ ನೋಡಿದೆ.

ಅತ್ತೆ ನಗಲಿಲ್ಲ. ತುಂಬಿದ ಕೊಡವನ್ನೂ ನನ್ನನ್ನೂ ನೋಡಿದರು.

“ನೀರ್ ತುಂಬಿತ್ತಲ್ದಾ. ಮತ್ತೆ ಬಾವಿಯೊಳ್ಗೆ ಎಂತ ಕಾಣ್ತಿದ್ದೆ?”

ಅವರು ಬಾವಿಯ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡರು.

“ನಾನ್ ವಾಪಾಸ್ ಹೋತಿಲ್ಲೆ. ನನ್ನ ತಲೆ ಶನಿವಾರ ಬಾಚ್. ಈಗ ನೀ ಕೂಕೋ.”

ಬಾಗಿಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ ಜಡೆ ಬಿಚ್ಚತೊಡಗಿದರು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಅಳು ಬಂತು.