ಸಿಲಿಂಡರಿನಿಂದ ಹೊರಬಿದ್ದ ತೂತು

ಪ್ರಶ್ನೆಪತ್ರಿಕೆ ತಯಾರಿಸುವವರಿಗೆಲ್ಲ ಒಂದು ಚಪಲ ಇರುತ್ತದೆ. ಉತ್ತರ ನುಣ್ಣಗೆ ಬರಬೇಕು. ಒಂದು ಪಾಯಿಂಟ್ ಎರಡು ಐದು ಅಂತ ಬಂದರೆ ಅವರಿಗೆ ಊಟ ಸೇರುವುದಿಲ್ಲ. ಕಾತ್ಯಾಯಿನಿಗೂ ಆ ಚಪಲವೇ ಮುಳುವಾಯಿತು.

ತೊಂಬತ್ತೊಂಬತ್ತನೇ ಇಸವಿ. ಜಯನಗರದಲ್ಲಿ ಅನಂತಪದ್ಮನಾಭ ಮೇಷ್ಟ್ರು ಐಐಟಿ ಪರೀಕ್ಷೆಗೆ ಟ್ಯುಟೋರಿಯಲ್ ನಡೆಸುತ್ತಿದ್ದರು. ಎ ಬ್ಯಾಚಿಗೆ ಸ್ವತಃ ಮೇಷ್ಟ್ರ ಪಾಠ, ಬಿ ಬ್ಯಾಚಿಗೆ ಸಿಕ್ಕಿದವರ ಪಾಠ. ಯಾರು ಎಲ್ಲಿಗೆ ಎಂಬುದನ್ನು ಒಂದು ಟೆಸ್ಟು ತೀರ್ಮಾನಿಸುತ್ತಿತ್ತು. ಅವರ ಹಳೇ ಶಿಷ್ಯೆ ಕಾತ್ಯಾಯಿನಿ ಎಂಎಸ್ಸಿ ಮುಗಿಸಿ ಅಲ್ಲೇ ಪಾಠಕ್ಕೆ ಸೇರಿದ್ದಳು. ಆ ವರ್ಷ ಮೊದಲ ಸಲ ಟೆಸ್ಟಿನ ಪತ್ರಿಕೆಯನ್ನು ಮೇಷ್ಟ್ರು ಅವಳಿಗೆ ಒಪ್ಪಿಸಿದರು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೇಷ್ಟ್ರ ಹಳೆಯದೊಂದು ಲೆಕ್ಕವಿತ್ತು. ಉದ್ದನೆಯ ತಾಮ್ರದ ಸಿಲಿಂಡರು, ತ್ರಿಜ್ಯ ಐದು ಸೆಂಟಿಮೀಟರ್. ಅದರ ಉದ್ದಕ್ಕೂ ಮೂರು ಸೆಂಟಿಮೀಟರ್ ತ್ರಿಜ್ಯದ ತೂತು, ನಟ್ಟನಡುವೆ ಅಲ್ಲ, ಒಂದು ಸೆಂಟಿಮೀಟರ್ ಪಕ್ಕಕ್ಕೆ. ಉಳಿದ ತಾಮ್ರದಲ್ಲಿ ನೂರು ಆಂಪಿಯರ್ ಹರಿಯುತ್ತಿದೆ. ತೂತಿನೊಳಗೆ ಕಾಂತಕ್ಷೇತ್ರ ಎಷ್ಟು? ತೂತಿನಲ್ಲಿ ಕರೆಂಟೇ ಇಲ್ಲ, ಹಾಗಾಗಿ ಸೊನ್ನೆ ಎಂದು ಬರೆದು ಕೈತೊಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ತೂತು ನಟ್ಟನಡುವೆ ಇದ್ದಿದ್ದರೆ ಅದು ನಿಜವೂ ಆಗುತ್ತಿತ್ತು. ಪಕ್ಕಕ್ಕೆ ಸರಿದಿದ್ದಕ್ಕೇ ಲೆಕ್ಕದ ಸೊಗಸು. ತೂತೇ ಇಲ್ಲದ ತುಂಬು ಸಿಲಿಂಡರು ಎಂದುಕೊಳ್ಳಬೇಕು. ಆಮೇಲೆ ತೂತಿನ ಜಾಗದಲ್ಲಿ ಅಷ್ಟೇ ಸಾಂದ್ರತೆಯ ಕರೆಂಟನ್ನು ಉಲ್ಟಾ ಹರಿಸಬೇಕು. ಎರಡೂ ಸೇರಿದರೆ ಅಲ್ಲಿ ಕರೆಂಟು ಇಲ್ಲವಾಗುತ್ತದೆ, ಆದರೆ ಎರಡರ ಕಾಂತಕ್ಷೇತ್ರಗಳನ್ನು ಕೂಡಿಸಿದಾಗ ತೂತಿನ ಮೂಲೆಮೂಲೆಗೂ ಒಂದೇ ಅಳತೆಯ, ಒಂದೇ ದಿಕ್ಕಿನ ಕ್ಷೇತ್ರ ಉಳಿಯುತ್ತದೆ. ಅದರ ಅಳತೆ ಎರಡು ಕೇಂದ್ರಗಳ ನಡುವಿನ ದೂರವನ್ನು ಅವಲಂಬಿಸಿದೆ, ದಿಕ್ಕು ಆ ಕೇಂದ್ರಗಳನ್ನು ಸೇರಿಸುವ ಗೆರೆಗೆ ಲಂಬ.

ದೂರ ಒಂದು ಸೆಂಟಿಮೀಟರ್ ಆದರೆ ಉತ್ತರದಲ್ಲಿ ಒಂದು ಪಾಯಿಂಟ್ ಎರಡು ಐದು ಬರುತ್ತಿತ್ತು. ಕಾತ್ಯಾಯಿನಿ ಆ ದೂರವನ್ನು ನಾಲ್ಕು ಮಾಡಿದಳು. ಉತ್ತರ ಐದು ಟೆಸ್ಲಾದ ಹತ್ತುಸಾವಿರದಲ್ಲೊಂದು ಭಾಗ. ಅಚ್ಚುಕಟ್ಟು! ಮೂರು, ನಾಲ್ಕು, ಐದು ಸಾಲಾಗಿ ನಿಂತಿದ್ದು ನೋಡಿ ಅವಳಿಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಷ್ಟು ಖುಷಿ. ಪಕ್ಕದಲ್ಲಿ ಹಾಕಿದ ಚಿತ್ರವಂತೂ ಅಂದಾಜಿನದು, ಅದರಲ್ಲಿ ತೂತು ಒಳಗೇ ಇತ್ತು.

ಟೆಸ್ಟಿನ ದಿನ ಪ್ರಿಯಾಂಕಾ ಎದ್ದು ನಿಂತಳು. ಗದಗದ ಕಡೆಯ ಹುಡುಗಿ, ಬಿಟಿಎಂನಲ್ಲಿ ಅಕ್ಕನ ಬಾಡಿಗೆ ಮನೆಯಲ್ಲಿದ್ದು ಓದುತ್ತಿದ್ದಳು.

"ಮೇಡಂ, ಈ ತೂತು ಹೊರಗ ಹೊಂಟೈತ್ರಿ."

ಕಾತ್ಯಾಯಿನಿ ಹಿಂದಿನ ಬೆಂಚಿನ ಪಿಸುಮಾತಿನ ಮೇಲೆ ಕಣ್ಣಿಟ್ಟಿದ್ದಳು. "ಚಿತ್ರ ಬರ್ಕೊಂಡು ಕೂತ್ರೆ ಟೈಮ್ ಹೋಗತ್ತಮ್ಮಾ. ಸುಮ್ನೆ ಫಾರ್ಮುಲಾ ಹಾಕು," ಎಂದಳು. ಯಾರೋ ಕಿಸಕ್ಕೆಂದರು. ಹುಡುಗಿ ಕೂತಳು.

ಎರಡು ದಿನ ಬಿಟ್ಟು ತ್ಯಾಗರಾಜನಗರದ ಮನೆಯಲ್ಲಿ ಪತ್ರಿಕೆ ತಿದ್ದುವಾಗ ಆ ಹುಡುಗಿಯ ಹಾಳೆ ಬಂತು. ಕೈವಾರ ಹಿಡಿದು ನಿಜವಾದ ಅಳತೆಗೆ ಬರೆದ ಎರಡು ವೃತ್ತಗಳು. ದೊಡ್ಡದರ ಅಂಚು ಕೇಂದ್ರದಿಂದ ಐದು ಸೆಂಟಿಮೀಟರಿಗೆ ಮುಗಿದಿದೆ, ಚಿಕ್ಕದು ಏಳರವರೆಗೆ ಹೋಗಿದೆ. ಕೆಳಗೆ ಅವಳು ಬರೆದಿದ್ದಳು: ಇದು ತೂತಲ್ಲ, ಪಕ್ಕ ಒಡೆದ ಕೊರಕಲು. ಇಲ್ಲಿ ಪೂರ್ತಿ ಸಿಲಿಂಡರನ್ನು ಕಳೆದರೆ ತಾಮ್ರದ ಹೊರಗಿನ ಗಾಳಿಯಲ್ಲೂ ಉಲ್ಟಾ ಕರೆಂಟು ಹರಿಸಿದಂತಾಗುತ್ತದೆ, ಅದನ್ನು ಅಳಿಸಲು ಅಲ್ಲಿ ಏನೂ ಇಲ್ಲ. ಆದ್ದರಿಂದ ಈ ಸೂತ್ರ ನಡೆಯುವುದಿಲ್ಲ. ಇಷ್ಟರಲ್ಲಿ ಹೊತ್ತು ಕಳೆದು, ಮುಂದಿನ ಎರಡು ಲೆಕ್ಕ ಖಾಲಿ.

ಕಾತ್ಯಾಯಿನಿ ಉಳಿದ ಹಾಳೆಗಳನ್ನು ತಿರುವಿ ನೋಡಿದಳು. ಮಿಕ್ಕವರೆಲ್ಲ ಕಣ್ಣು ಮುಚ್ಚಿ ಫಾರ್ಮುಲಾ ಹಾಕಿದ್ದರು. ಕಣ್ಣು ತೆರೆದು ನೋಡಿದ್ದು ಇವಳೊಬ್ಬಳೇ. ಮೇಷ್ಟ್ರಿಗೆ ಹೇಳಬೇಕು ಎಂದುಕೊಂಡಳು. ಹೇಳಿದರೆ ಟೆಸ್ಟನ್ನೇ ಮತ್ತೆ ಮಾಡಬೇಕು, ಮೊದಲ ಪತ್ರಿಕೆಯಲ್ಲೇ ಮುಖಭಂಗ. ನಾಳೆ ಹೇಳಿದರಾಯಿತು ಎಂದು ಅಲ್ಲಿ ಸೊನ್ನೆ ಸುತ್ತಿದಳು. ಆ ನಾಳೆ ಬರಲೇ ಇಲ್ಲ. ಬ್ಯಾಚುಗಳ ಪಟ್ಟಿ ಅಂಟಿಸಿದ ದಿನ ಪ್ರಿಯಾಂಕಾ ಬ್ಯಾಗೆತ್ತಿಕೊಂಡು ಬಿ ಬ್ಯಾಚಿನ ರೂಮಿಗೆ ಹೋದಳು.

ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾರಿಡಾರಿನಲ್ಲಿ ಆ ಹುಡುಗಿ "ನಮಸ್ಕಾರ್ರಿ ಮೇಡಂ" ಎಂದಾಗಲೆಲ್ಲ ಕಾತ್ಯಾಯಿನಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಗುತ್ತಿತ್ತು. ಕೊನೆಗೆ ತಡೆಯಲಾರದೆ ಮೇಷ್ಟ್ರ ಮುಂದೆ ಎಲ್ಲ ಹೇಳಿ ಅತ್ತೇಬಿಟ್ಟಳು.

ಮೇಷ್ಟ್ರು ಬೈಯಲಿಲ್ಲ. "ಮೂರು, ನಾಲ್ಕು, ಐದು ಅಂದ್ರೆ ನಂಗೂ ಬಾಯಲ್ಲಿ ನೀರು ಬರ್ತಿತ್ತು ಕಣೆ," ಎಂದು ನಕ್ಕರು. ಆಮೇಲೆ ಕಣ್ಣರಳಿಸಿದರು. "ಆ ಹುಡುಗಿ ಒಬ್ಳೇ ಹಿಡಿದ್ಳಾ? ಈ ವಾರದ ಟೆಸ್ಟಲ್ಲಿ ಎರಡೂ ಬ್ಯಾಚಿಗೆ ಬೇಕಂತ್ಲೇ ಅದನ್ನೇ ಹಾಕೋಣ. ಸಿಲಿಂಡರ್ ಹತ್ತು, ತೂತು ಆರು, ದೂರ ಐದು. ಒಂದೇ ಒಂದು ಸೆಂಟಿಮೀಟರ್ ಆಚೆ ಹೋಗತ್ತೆ. ಕರೆಂಟು ಅರವತ್ನಾಲ್ಕು ಕೊಡು, ಉತ್ತರ ಬೆಣ್ಣೆ ಥರ ಬರತ್ತೆ, ಎಲ್ಲಾ ಬೀಳ್ತಾರೆ. ಅವಳೊಬ್ಳು ಹಿಡೀತಾಳೆ. ಎಲ್ಲರ ಮುಂದೆ ಹೊಗಳಿ ಎ ಬ್ಯಾಚಿಗೆ ಕರ್ಕೊಳ್ಳೋಣ. ಅಲ್ಲೀವರೆಗೂ ನೀನೇನೂ ಹೇಳ್ಬೇಡ."

ಕಾತ್ಯಾಯಿನಿಗೆ ಹೋದ ಜೀವ ಬಂದಂತಾಯಿತು. ತಾನು ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳಬೇಕಾಗಿಲ್ಲ, ಹುಡುಗಿಗೂ ನ್ಯಾಯ. ಇದಕ್ಕಿಂತ ಅಗ್ಗದ ಪ್ರಾಯಶ್ಚಿತ್ತ ಎಲ್ಲಿ ಸಿಗಬೇಕು? ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಟೆಸ್ಟು ಮುಗಿದ ಸಂಜೆ ಸ್ಟಾಫ್ ರೂಮಿನಲ್ಲೇ ಕೂತು ಮೊದಲು ಪ್ರಿಯಾಂಕಾಳ ಪತ್ರಿಕೆಯನ್ನೇ ಹುಡುಕಿ ತೆಗೆದಳು. ಚಿತ್ರ ಇರಲಿಲ್ಲ. ಮೂರು ಸಾಲು ಫಾರ್ಮುಲಾ, ಮುತ್ತಿನಂಥ ಅಕ್ಷರ, ಕೊನೆಗೆ ಒಂದು ಟೆಸ್ಲಾದ ಹತ್ತುಸಾವಿರದಲ್ಲೊಂದು ಭಾಗ, ಅದರ ಸುತ್ತ ಒಂದು ಚೌಕ. ಬೆಣ್ಣೆಯಂಥ ತಪ್ಪು ಉತ್ತರ. ಎಲ್ಲರಂತೆ ಇವಳೂ ಬಿದ್ದಿದ್ದಳು.

ಕಾತ್ಯಾಯಿನಿ ನಂಬಲಾರದೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರಗಳ ನಡುವೆ ಸೂಜಿಮೊನೆಯಷ್ಟು ಸಣ್ಣ ಎರಡು ರಂಧ್ರಗಳು ಕಂಡವು. ಕೈವಾರ ಊರಿದ ಗುರುತು. ಅಳತೆಪಟ್ಟಿ ಇಟ್ಟು ನೋಡಿದಳು, ನಡುವೆ ಎರಡೂವರೆ ಸೆಂಟಿಮೀಟರ್. ಹುಡುಗಿ ಅರ್ಧ ಅಳತೆಗೆ ವೃತ್ತಗಳನ್ನು ಬರೆದು, ಆಮೇಲೆ ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದ್ದಳು. ಕಾಗದ ಅಲ್ಲಿ ತೆಳ್ಳಗಾಗಿತ್ತು.

ಕಾತ್ಯಾಯಿನಿ ಆ ಹಾಳೆ ಹಿಡಿದೇ ಓಡಿದಳು. ಪ್ರಿಯಾಂಕಾ ಮೆಟ್ಟಿಲಿಳಿಯುತ್ತಿದ್ದಳು.

"ತೂತು ಆಚೆ ಹೋಗಿದ್ದು ನಿಂಗೆ ಕಾಣಿಸ್ತು ಅಲ್ವಾ?"

"ಕಂಡಿತ್ರಿ."

"ಮತ್ತ್ಯಾಕೆ ಅಳಿಸಿದೆ?"

ಹುಡುಗಿ ಮೇಡಂ ಮುಖವನ್ನೇ ನೋಡಿದಳು. ಬೈಯುತ್ತಿದ್ದಾರೋ ಮೆಚ್ಚುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ. "ಕಂಡದ್ದು ಬರದ್ರ ಮಾರ್ಕ್ಸ್ ಸಿಗಂಗಿಲ್ರಿ," ಎಂದಳು. ಆಮೇಲೆ ಆಸೆಯಿಂದ, ಒಂದಿಷ್ಟು ನಗುತ್ತಲೇ ಕೇಳಿದಳು: "ಈ ಸಲ ಸರಿ ಬರದೀನಿ ಅಲ್ರೀ ಮೇಡಂ?"

ಕಾತ್ಯಾಯಿನಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮಕ್ಕಳು ಸುತ್ತ ಬಳಸಿಕೊಂಡು ಇಳಿದು ಹೋಗುತ್ತಿದ್ದರು, ಕೆಲವರು ನಿಂತು ನೋಡುತ್ತಿದ್ದರು.

"ಇಲ್ಲ ಕಣಮ್ಮಾ," ಎಂದಳು, ಎಲ್ಲರಿಗೂ ಕೇಳಿಸುವಂತೆ. "ಹೋದ ಸಲ ಸರಿ ಬರೆದಿದ್ದೆ."