ಸೋಮವಾರದ ಒಂದು ಗಂಟೆ

ಇಸ್ತ್ರಿ ಮೇಜಿನವಳು ಬೆಳಗಿನಿಂದ ತನ್ನ ಸರದಿಗೆ ಕಾಯುತ್ತಿದ್ದಳು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಮ್ಮ ಹೊಲಿಗೆ ಕಾರ್ಖಾನೆಗೆ ಬಂದು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು. ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ಇವಳ ಅಕ್ಕನ ಗಂಡ. ಈ ಕೆಲಸ ಕೊಡಿಸಿದವನೂ ಅವನೇ.

ಭಾವನದು ಒಂದು ಪದ್ಧತಿ. ಸೋಮವಾರ ಮಾಲು ಹೋಗುವ ದಿನ, ಎಲ್ಲರನ್ನೂ ಎರಡು ಗಂಟೆ ಹೆಚ್ಚು ನಿಲ್ಲಿಸುವುದು. ಬುಧವಾರ ಎರಡು ಗಂಟೆ ಮೊದಲೇ ಬಿಡುವುದು. ವಾರಕ್ಕೆ ನಲವತ್ತೆಂಟು ಗಂಟೆ ಸರಿಹೋಯಿತಲ್ಲ, ಹೆಚ್ಚಿನ ಕೂಲಿ, ಓಟಿ, ಎಲ್ಲಿಂದ ಬಂತು ಅನ್ನುತ್ತಿದ್ದ. ರಿಜಿಸ್ಟರಿನಲ್ಲಿ ದಿನಕ್ಕೆ ಎಂಟೇ ಗಂಟೆ. ಇವಳಿಗೂ ಅದು ಅನುಕೂಲವೇ. ಬುಧವಾರ ಮಗನ ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು, ಬೇಗ ಬಿಡಿ ಎಂದು ಮೊದಲು ಗೋಗರೆದದ್ದೇ ಇವಳು.

ಭಾವ ನೀರು ಕುಡಿಯುವ ನೆಪದಲ್ಲಿ ಹತ್ತಿರ ಬಂದ. "ದಿನಾ ಎಂಟೇ ಗಂಟೆ ಅಂತ ಹೇಳಿಬಿಡಮ್ಮ. ನನ್ನ ಹೊಟ್ಟೆ ಮೇಲೆ ಹೊಡಿಬೇಡ."

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಪಕ್ಕದ ಮೇಜಿನ ಅಜ್ಜಿಯ ಕಡೆ ನೋಡಿದಳು. ಊದಿದ ಕಾಲು ಹೊತ್ತು ಪ್ರತಿ ಸೋಮವಾರವೂ ನಿಲ್ಲುವ ಅಜ್ಜಿಗೆ ಬುಧವಾರ ಬೇಗ ಹೋಗಿ ಮಾಡುವುದೇನೂ ಇರಲಿಲ್ಲ. ತನ್ನೊಬ್ಬಳ ಅನುಕೂಲಕ್ಕೆ ಎಲ್ಲರ ಓಟಿ ಹೋಗಿತ್ತಲ್ಲ, ಅವಳಿಗೆ ನಾಚಿಕೆಯಾಯಿತು.

ಕರೆ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಸೋಮವಾರ ಎಂಟಕ್ಕೆ ಬಂದು ಆರೂವರೆಗೆ ಹೋಗ್ತೀವಿ ಮೇಡಂ. ಬುಧವಾರ ಬೇಗ ಬಿಡಿ ಅಂತ ಕೇಳಿದ್ದು ನಾನೇ."

ಊಟದ ಅರ್ಧ ಗಂಟೆ ಕೆಲಸವಲ್ಲ, ಅದನ್ನು ಕಳೆದರೆ ಹತ್ತು ಗಂಟೆ, ಎಂದರು ಇನ್ಸ್‌ಪೆಕ್ಟರಮ್ಮ. ದಿನಕ್ಕೆ ಒಂಬತ್ತು ದಾಟಿದ್ದಕ್ಕೆ ಎರಡರಷ್ಟು ಕೂಲಿ. ವಾರದ ಲೆಕ್ಕ ಬೇರೆ, ದಿನದ ಲೆಕ್ಕ ಬೇರೆ. ಬುಧವಾರದ ಬಿಡುವು ಸೋಮವಾರದ್ದನ್ನು ಅಳಿಸುವುದಿಲ್ಲ. ಕೆಲಸಗಾರರೇ ಒಪ್ಪಿದ್ದರೂ ಅಷ್ಟೇ. ಎರಡು ಗಂಟೆಗೂ ಡಬಲ್ ಸಿಗುತ್ತದೆಂದು ಲೆಕ್ಕ ಹಾಕಿಕೊಂಡಿದ್ದ ಹೆಂಗಸರು ಮುಖ ಚಿಕ್ಕದು ಮಾಡಿಕೊಂಡರು. ಸಿಕ್ಕಿದ್ದು ಒಂದೇ ಗಂಟೆಗೆ, ಆದರೆ ಹಿಂದಿನ ಸೋಮವಾರಗಳಿಗೂ ಸೇರಿಸಿ.

ಬಾಕಿ ಬಂತು. ಅಜ್ಜಿ ಇವಳ ಕೆನ್ನೆ ಸವರಿದಳು. ಭಾವನ ಕೆಲಸ ಉಳಿಯಿತು, ಇವಳೊಂದಿಗೆ ಮಾತು ನಿಂತಿತು. ಬಾಗಿಲಿಗೆ ಮ್ಯಾನೇಜರರ ಹೊಸ ನೋಟಿಸು ಅಂಟಿತು: ಯಾವ ದಿನವೂ ನಾಲ್ಕೂವರೆಯ ಗಂಟೆ ಬಾರಿಸುವ ಮೊದಲು ಯಾರೂ ಹೊರಗೆ ಹೋಗಕೂಡದು.

ಬುಧವಾರ ಎರಡೂವರೆಗೆ ಅವಳು ಭಾವನ ಮುಂದೆ ನಿಂತಳು. ಮಗ ಶಾಲೆಯ ಗೇಟಿನಲ್ಲಿ ಕಾಯುತ್ತಿದ್ದಾನೆ ಎಂದಳು.

ಅವನು ಬಾಗಿಲಿನ ನೋಟಿಸಿನ ಕಡೆ ಕೈ ತೋರಿಸಿದ. "ಕೇಳಬೇಡಮ್ಮ. ಕೊಡೋದಕ್ಕೆ ಈಗ ನನ್ನ ಕೈಲಿ ಏನೂ ಇಲ್ಲ."

ದನಿಯಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ತಾನು ನಿಜ ಹೇಳಿದ್ದು ತಪ್ಪು ಎಂದು ಅವಳಿಗೆ ಈಗಲೂ ಅನ್ನಿಸಲಿಲ್ಲ. ಮೇಜಿಗೆ ಹಿಂತಿರುಗಿ, ಮುಂದಿನ ಅಂಗಿಯ ಕಾಲರನ್ನು ಬಿಡಿಸಿ ಹಾಸಿಕೊಂಡಳು.